ಏಳರಿಂದ ಒಂಬತ್ತರ ನಡುವೆ

"ಯಾಕವಾ ಹಿಂಗ ಮಾಡ್ಕೊಂಡಿ?" ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಕ್ಯಾಜುವಲ್ಟಿಯ ಬೆಂಚಿನ ಮೇಲೆ ಕೂತ ಹುಡುಗಿಗೆ ಮೊದಲ ಒಂದು ತಾಸಿನಲ್ಲಿ ಈ ಪ್ರಶ್ನೆ ಎಷ್ಟು ಬಾಯಿಂದ ಬರುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು. ಅವ್ವ ಕೇಳುತ್ತಾಳೆ, ಕಾಕಾ ಕೇಳುತ್ತಾನೆ, ಹೊಲಿಗೆ ಹಾಕಿದ ಡಾಕ್ಟರು ಕೇಳುತ್ತಾರೆ, ಎಮ್‌ಎಲ್‌ಸಿ ಕಾಗದ ಹಿಡಿದು ಬಂದ ಪೊಲೀಸರೂ ಕೇಳುತ್ತಾರೆ. ಹುಡುಗಿ ಎಲ್ಲರಿಗೂ ಹೇಳುವುದು ಒಂದೇ: "ಗೊತ್ತಿಲ್ಲ." ಕೇಳಿದವರಿಗೆ ಅದು ಹಟದಂತೆ, ಇಲ್ಲವೇ ಏನೋ ಮುಚ್ಚಿಡುವಂತೆ ಕಾಣುತ್ತದೆ. ಹೆಚ್ಚಿನ ಸಲ ಅದು ಖರೆ ಮಾತು. ಆ ಹೊತ್ತಿಗೆ ಅವಳಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಮೆಂಟಲೈಸೇಶನ್ ಆಧಾರಿತ ಚಿಕಿತ್ಸೆ ಈ "ಗೊತ್ತಿಲ್ಲ"ವನ್ನು ನಂಬಿ ಶುರುವಾಗುತ್ತದೆ.

ಗಡಿಯ ಕನ್ನಡಿಗರಿಗೆ ಮಿರಜ್ ಎಂದರೆ ದವಾಖಾನೆಯ ಊರು. 1894ರಲ್ಲಿ ವಿಲಿಯಂ ವಾನ್ಲೆಸ್ ಇಲ್ಲಿ ಮಿಶನ್ ಆಸ್ಪತ್ರೆ ತೆರೆದ ಕಾಲದಿಂದಲೂ ಅಥಣಿ, ಕಾಗವಾಡ, ರಾಯಬಾಗ, ಜತ್ತ ಕಡೆಯ ಜನ ದೊಡ್ಡ ಜಡ್ಡಾದರೆ ಮಿರಜಿನ ದಾರಿ ಹಿಡಿದಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಪಕ್ಕದ ಸಾಂಗ್ಲಿಗೆ ಅದೇ ಹಳ್ಳಿಗಳ ಮಕ್ಕಳು ಹನ್ನೊಂದನೇತ್ತ, ಹನ್ನೆರಡನೇತ್ತ ಓದಲು, ನೀಟ್ ಕ್ಲಾಸು ಸೇರಲು ಬಂದು ಹಾಸ್ಟೆಲ್‌ಗಳಲ್ಲಿ ಉಳಿಯುತ್ತಾರೆ. ಹಾಗಾಗಿ ಈ ಜೋಡಿ ಊರಿನಲ್ಲಿ ಹದಿಹರೆಯದವರ ಮನಸ್ಸಿಗೆ ಸಂಬಂಧಿಸಿದ ತಂಡಕ್ಕೆ ಹೊಸದಾಗಿ ಸೇರುವ ಆಪ್ತಸಲಹೆಗಾರರು, ನರ್ಸ್‌ಗಳು, ಸಮಾಜ ಕಾರ್ಯಕರ್ತರು ಮೊದಲ ವಾರದಲ್ಲೇ ಇಂಥ ಒಂದು ಮಗುವನ್ನು ಎದುರಿಸಬೇಕಾದೀತು. ಈ ಬರಹ ಅವರಿಗಾಗಿ. ಪಾಲಕರು ಓದಿದರೂ ಅಡ್ಡಿಯಿಲ್ಲ.

ಈ ಚಿಕಿತ್ಸೆಯ ಮೂಲ ಲಂಡನ್ನಿನಲ್ಲಿದೆ. ಆಂಥನಿ ಬೇಟ್‌ಮನ್ ಮತ್ತು ಪೀಟರ್ ಫೋನಗಿ ಎಂಬಿಬ್ಬರು ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವಿರುವ ವಯಸ್ಕರಿಗಾಗಿ ಇದನ್ನು ರೂಪಿಸಿ, 1999ರಲ್ಲಿ ಮೊದಲ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹದಿಹರೆಯದವರಿಗೆ ಹೊಂದಿಸಿದ ರೂಪ ಆಮೇಲೆ ಬಂತು. ಮೆಂಟಲೈಸೇಶನ್ ಎಂಬ ಹೆಸರು ಭಾರವೆನಿಸಿದರೂ ಕೆಲಸ ನಾವೆಲ್ಲ ದಿನವಿಡೀ ಮಾಡುವಂಥದ್ದೇ. ಒಬ್ಬರ ನಡತೆಯ ಹಿಂದೆ ಯಾವ ಆಸೆ, ಯಾವ ಹೆದರಿಕೆ, ಯಾವ ಲೆಕ್ಕಾಚಾರ ಇದ್ದೀತೆಂದು ಊಹಿಸುತ್ತೇವೆ, ನಮ್ಮದೇ ನಡತೆಯ ಹಿಂದೆ ಏನಿತ್ತೆಂದೂ ನೋಡಿಕೊಳ್ಳುತ್ತೇವೆ. ಊಹೆ ತಪ್ಪಿದ್ದೀತು ಎಂಬ ಎಚ್ಚರವೂ ಅದರೊಳಗೇ ಇರುತ್ತದೆ. ಈ ಶಕ್ತಿ ಎಲ್ಲ ಹೊತ್ತೂ ಒಂದೇ ಸಮ ಇರುವುದಿಲ್ಲ. ಪಂಪಿನ ಮೇಲೆ ಲೋಡ್ ಹೆಚ್ಚಾದಾಗ ಸ್ಟಾರ್ಟರ್ ಟ್ರಿಪ್ ಆಗುವಂತೆ, ಅವಮಾನ, ಅಗಲಿಕೆ, ಕೈಬಿಟ್ಟರೆಂಬ ಭಯ ಒಂದು ಮಟ್ಟ ದಾಟಿದೊಡನೆ ಇದು ಆಫ್ ಆಗುತ್ತದೆ. ಹದಿನಾಲ್ಕು, ಹದಿನಾರರ ವಯಸ್ಸಿನಲ್ಲಿ ಬೇಗ ಆಫ್ ಆಗುತ್ತದೆ. ಅದರಲ್ಲೂ ಯಾರನ್ನು ಹೆಚ್ಚು ಹಚ್ಚಿಕೊಂಡಿದ್ದೇವೋ ಅವರ ವಿಷಯದಲ್ಲಿಯೇ ಮೊದಲು. ತರಗತಿಯಲ್ಲಿ ಎಲ್ಲರ ಜಗಳ ಬಿಡಿಸುವ ಜಾಣ ಹುಡುಗಿಗೆ ತನ್ನ ಅಪ್ಪನ ಒಂದು ಮಾತಿನ ಎದುರು ಏನೂ ಹೊಳೆಯದೆ ಹೋಗುವುದು ಇದಕ್ಕಾಗಿ.

ಒಂದು ಪ್ರಕರಣ ನೋಡೋಣ. ಇದು ಯಾರೋ ಒಬ್ಬಳ ಕತೆಯಲ್ಲ, ಕಲಿಕೆಗೆಂದು ಹಲವು ಎಳೆ ಸೇರಿಸಿ ಹೆಣೆದದ್ದು. ಹೆಸರು ರೇಖಾ ಎಂದಿಟ್ಟುಕೊಳ್ಳಿ, ವಯಸ್ಸು 16. ಜತ್ತ ತಾಲೂಕಿನ ಹಳ್ಳಿ, ಮನೆಯಲ್ಲಿ ಕನ್ನಡ, ಏಳನೇತ್ತವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ. ಅಪ್ಪನಿಗೆ ದ್ರಾಕ್ಷಿ ತೋಟ, ಅದರ ಮೇಲೊಂದಿಷ್ಟು ಸಾಲ. ಹತ್ತರಲ್ಲಿ ಒಳ್ಳೇ ಅಂಕ ಬಂದದ್ದಕ್ಕೆ ಸಾಂಗ್ಲಿಯ ಹಾಸ್ಟೆಲ್, ಸೈನ್ಸ್, ನೀಟ್ ಕ್ಲಾಸು. ಎಂಟು ತಿಂಗಳಿಂದ ಆಗಾಗ ಕೈ ಗೀರಿಕೊಳ್ಳುತ್ತಿದ್ದಾಳೆ, ತುಂಬು ತೋಳಿನ ಕುಡ್ತಾದಲ್ಲಿ ಯಾರಿಗೂ ಕಾಣದು. ಒಂದು ರವಿವಾರ ರಾತ್ರಿ ಗಾಯ ಆಳವಾಯಿತು. ರೂಮಿನ ಗೆಳತಿ ಹೆದರಿ ರೆಕ್ಟರ್ ಬಾಯಿಗೆ ಹೇಳಿದಳು. ಹೊಲಿಗೆ ಬಿತ್ತು, ಊರಿಂದ ಅಪ್ಪ ಅವ್ವ ಬಂದರು, ಮೂರನೇ ದಿನ ಅವಳು ನಿಮ್ಮೆದುರು ಬಂದು ಕೂತಳು.

ಮೊದಲ ಭೇಟಿಯಲ್ಲೇ ಅವಳು ಮೂರು ಬಗೆಯಲ್ಲಿ ಮಾತಾಡಿದ್ದನ್ನು ನೀವು ಗಮನಿಸಬೇಕು. ಏಕೆಂದರೆ ಟ್ರಿಪ್ ಆದ ಮನಸ್ಸಿಗೆ ಇರುವುದು ಹೆಚ್ಚು ಕಡಿಮೆ ಈ ಮೂರೇ ದಾರಿ. "ಅಪ್ಪಗ ನಾ ಬ್ಯಾಡಾಗೇನಿ" ಎಂದಳು. ಅನುಮಾನದ ಸುಳಿವೂ ಇಲ್ಲ, ಇವತ್ತು ಮಂಗಳವಾರ ಎಂದಷ್ಟೇ ಖಾತ್ರಿ. ಅನಿಸಿದ್ದೇ ಸತ್ಯವಾಗಿಬಿಡುವ ಸ್ಥಿತಿ ಇದು. ಸ್ವಲ್ಪ ಹೊತ್ತಿನ ಮೇಲೆ ಡಿಪ್ರೆಶನ್, ಟ್ರಾಮಾ, ಟಾಕ್ಸಿಕ್ ಪೇರೆಂಟಿಂಗ್ ಎಂದು ರೀಲ್ಸ್‌ನಲ್ಲಿ ಕೇಳಿದ್ದನ್ನೆಲ್ಲ ಜೋಡಿಸಿ ನಿರರ್ಗಳವಾಗಿ ಹೇಳಿದಳು, ಮುಖದಲ್ಲಿ ಮಾತ್ರ ಏನೂ ಇಲ್ಲ. ಮಾತಿಗೂ ಒಳಗಿನ ನೋವಿಗೂ ಸಂಬಂಧ ಕಡಿದುಹೋಗಿ ಬರಿಯ ಮಾತು ಉಳಿದ ಸ್ಥಿತಿ ಅದು. ಹೊಸಬರು ಹೆಚ್ಚು ಮೋಸಹೋಗುವುದು ಇಲ್ಲಿಯೇ. ಹುಡುಗಿ ಎಷ್ಟು ಚೆನ್ನಾಗಿ ತನ್ನನ್ನು ತಾನು ಅರ್ಥ ಮಾಡಿಕೊಂಡಿದ್ದಾಳೆ ಎಂದು ಖುಷಿಯಾಗಿ ನೋಟ್ಸ್ ಬರೆಯುತ್ತಾರೆ. ಗುರುತು ಹಿಡಿಯುವ ಬಗೆ ಸರಳ: ತಾಸುಗಟ್ಟಲೆ ಮಾತಾದ ಮೇಲೂ ನಿಮಗೆ ಹೊಟ್ಟೆಯಲ್ಲಿ ಏನೂ ಆಗದಿದ್ದರೆ, ಆಕಳಿಕೆ ಬಂದರೆ, ಅವಳಿಗೂ ಆಗುತ್ತಿಲ್ಲ ಎಂದೇ ತಿಳಿಯಿರಿ. ಮೂರನೆಯದು ಏಳುವಾಗ ಬಂತು: "ನಿಮಗ ಖರೇನ ನನ್ನ ಕಾಳಜಿ ಇದ್ರ ನಿಮ್ಮ ಸ್ವಂತ ನಂಬರ್ ಕೊಡ್ರಿ." ಕಣ್ಣಿಗೆ ಕಾಣುವ ಕೆಲಸವೊಂದೇ ಪ್ರಮಾಣ, ಮಾತಿಗೆ ಬೆಲೆಯಿಲ್ಲ. ಗಾಯವೂ ಇದೇ ಭಾಷೆಯದು. ಹೇಳಿದರೆ ಯಾರೂ ನಂಬದ ನೋವು ಈಗ ಹೊಲಿಗೆಯ ರೂಪದಲ್ಲಿ ಕಾಣುತ್ತದಲ್ಲ. ಅವ್ವ ಅಪ್ಪ ಇದೇ ಸ್ಥಿತಿಯಲ್ಲಿ ಬಂದಿರುತ್ತಾರೆ ಎಂಬುದನ್ನೂ ಮರೆಯಬೇಡಿ. "ಒಂದು ಸ್ಕ್ಯಾನ್ ಬರದು ಕೊಡ್ರಿ, ಇಲ್ಲಾಂದ್ರ ಗುಳಗಿ ಕೊಡ್ರಿ" ಎನ್ನುವುದು ಅದೇ.

ಮೊದಲ ನಾಲ್ಕಾರು ವಾರ ಹೋಗುವುದು ಪರೀಕ್ಷೆ, ಪರಿಚಯ ಮತ್ತು ಎರಡು ಕಾಗದಗಳಿಗೆ. ಒಂದು ಅವಳಿಗೆ ಬರೆದ ಪತ್ರ. ಅವಳ ಕಷ್ಟವನ್ನು ತಂಡ ಹೇಗೆ ಅರ್ಥ ಮಾಡಿಕೊಂಡಿದೆ ಎಂಬುದನ್ನು ಒಂದು ಪುಟದೊಳಗೆ, ಅವಳು ಮನೆಯಲ್ಲಾಡುವ ಭಾಷೆಯಲ್ಲಿ ಬರೆದು, ಓದಿ, ಅವಳ ಕೈಗೇ ಪೆನ್ನು ಕೊಡಬೇಕು. ರೇಖಾಳ ಪತ್ರದಲ್ಲಿ ಹೀಗೊಂದು ಸಾಲು ಇದ್ದೀತು: "ನೀನು ಹಚ್ಚಿಕೊಂಡವರು ಸುಮ್ಮನಾದರೆ, ಅವರು ನಿನ್ನನ್ನು ಬಿಟ್ಟೇಬಿಟ್ಟರು ಎಂದು ಬಹಳ ಬೇಗ ಖಾತ್ರಿ ಮಾಡಿಕೊಳ್ಳುತ್ತಿ ಎಂದು ನಮಗೆ ಅನಿಸುತ್ತದೆ. ಆಮೇಲೆ ಏನೂ ಅನಿಸದ ಹಾಗಾಗಿ ಅದೇ ಇನ್ನೂ ಹೆದರಿಸುತ್ತದೆ." ಅವಳು "ಬಹಳ ಬೇಗ" ಎಂಬುದನ್ನು ಹೊಡೆದು ಹಾಕಿದರೆ ಹಾಕಲಿ. ತಿದ್ದಿಸಿಕೊಂಡ ಪತ್ರ ತಿದ್ದದ ಪತ್ರಕ್ಕಿಂತ ಕೆಲಸಕ್ಕೆ ಬರುತ್ತದೆ, ಏಕೆಂದರೆ ನಮ್ಮ ಊಹೆ ಊಹೆಯಷ್ಟೇ ಎಂಬುದನ್ನು ಅವಳು ಕಣ್ಣಾರೆ ಕಂಡಿರುತ್ತಾಳೆ.

ಇನ್ನೊಂದು ಕಾಗದ ಬಿಕ್ಕಟ್ಟಿನ ಯೋಜನೆ. ಮನಸ್ಸು ಬಿಗಿಯತೊಡಗಿದ ಮೊದಲ ಗುರುತುಗಳೇನು, ಆಗ ಅವಳು ಏನು ಮಾಡಬಹುದು, ಯಾರಿಗೆ ಹೇಳಬಹುದು, ರೆಕ್ಟರ್ ಮತ್ತು ಮನೆಯವರು ಏನು ಮಾಡಬೇಕು, ಏನು ಮಾಡಿದರೆ ಹೆಚ್ಚಾಗುತ್ತದೆ ಎಂಬುದೆಲ್ಲ ಅವಳ ಮಾತಿನಲ್ಲೇ ಇರಬೇಕು. "ಬಾಗಲಾ ಬಡೀಬ್ಯಾಡ್ರಿ, ಹೊರಗ ಕುಂತು ಅದೀನಿ ಅನ್ರಿ" ಎಂದು ಅವಳು ಹೇಳಿದರೆ ಹಾಗೆಯೇ ಬರೆಯಿರಿ. ಮನೆಯವರೊಂದಿಗೆ ಬೇರೆ ಮಾತಾಡಿ, ತೋಟದ ಔಷಧ, ಮನೆಯ ಗುಳಿಗೆಗಳು ಬೀಗದೊಳಗೆ ಹೋಗಿವೆಯೆಂದು ಖಾತ್ರಿ ಮಾಡಿಕೊಳ್ಳಿ. ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಗೀರಿಕೊಳ್ಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಹೊತ್ತಿಗೆ ಸಾಯುವ ಉದ್ದೇಶ ಇರುವುದಿಲ್ಲ, ಆದರೂ ಮುಂದೆ ಆತ್ಮಹತ್ಯೆಯ ಅಪಾಯ ಅವರಿಗೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಸಾಯುವ ವಿಚಾರ ಬಂದಿದೆಯೇ ಎಂದು ಪ್ರತಿ ಸಲವೂ ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ವಿಚಾರ ತಲೆಗೆ ಹೊಗುವುದಿಲ್ಲ. ಅವ್ವನ ಆಣೆ ಹಾಕಿಸಿ "ಇನ್ನ ಮ್ಯಾಲ ಮಾಡಂಗಿಲ್ಲ" ಅನ್ನಿಸಿಕೊಳ್ಳುವುದು ನಮ್ಮ ಕಡೆ ಬಹಳ. ದಯವಿಟ್ಟು ಬೇಡ. ಆಣೆ ಮುರಿದ ದಿನ ಅವಳು ಗಾಯದ ಜತೆಗೆ ನಾಚಿಕೆಯನ್ನೂ ಮುಚ್ಚಿಡುತ್ತಾಳೆ, ನಿಮಗೆ ಸುದ್ದಿ ಬರುವುದೇ ನಿಂತುಹೋಗುತ್ತದೆ.

ಇನ್ನು ಮುಖ್ಯ ಕೆಲಸ, ವಾರಕ್ಕೊಮ್ಮೆಯ 50 ನಿಮಿಷ. ಗಾಯವಾದ ವಾರದಲ್ಲಿ ಈ 50 ನಿಮಿಷದ ಬಹುಪಾಲು ಹೋಗಬೇಕಾದದ್ದು ಆ ಒಂದು ಸಂಜೆಗೆ. ರೇಖಾಳ ಲೆಕ್ಕದಲ್ಲಿ ಏಳಕ್ಕೆ ಅಪ್ಪನ ಫೋನ್ ಬಂತು, ಒಂಬತ್ತಕ್ಕೆ ಗಾಯವಾಯಿತು. ನಡುವಿನ ಎರಡು ತಾಸು ಅವಳ ನೆನಪಿನಲ್ಲಿ ಖಾಲಿ. ಆ ಖಾಲಿಯನ್ನು ನಿಮಿಷ ನಿಮಿಷವಾಗಿ ಹಿಂದಕ್ಕೆ ಹೋಗಿ ತುಂಬಿಸಬೇಕು. ಅವಸರದಲ್ಲಿ ಮುಂದೆ ಓಡಿದರೆ ನಿಲ್ಲಿಸಿ, ಹಿಂದೆ ಕರೆದುಕೊಂಡು ಬಂದು, ಮತ್ತೆ ನೋಡಬೇಕು.

"ಫೋನ್ ಬಂದಾಗ ಎಲ್ಲಿದ್ದಿ?"

"ಮೆಸ್‌ನ್ಯಾಗ್ರಿ. 'ಟೆಸ್ಟಿನ್ಯಾಗ ಎಷ್ಟು ಬಂತು' ಅಂದ್ರು ಅಪ್ಪ. 720ಕ್ಕ 286 ಅಂದೆ. 'ಆತು' ಅಂದು ಇಟ್ರು."

"ಆಗ ಒಳಗ ಏನಾತು?"

"ಏನಿಲ್ರಿ."

"ಊಟ ಮಾಡಿದ್ಯಾ?"

"ಇಲ್ರಿ. ತಾಟು ಹಂಗ ಬಿಟ್ಟು ಮ್ಯಾಲ ಹೋದೆ."

"ತಾಟು ಬಿಟ್ಟು ಎದ್ದಿ ಅಂದ್ರ ಏನೋ ಆಗಿರಬೇಕು. ಏನಂತ ನನಗ ತಿಳೀವಲ್ದು. ಸ್ವಲ್ಪ ಆ ಮೆಟ್ಟಲದ ಕಡೆ ಹೋಗೋಣೇನು?"

ತುಸು ಹೊತ್ತು ಸುಮ್ಮನಿದ್ದು ಹೇಳಿದಳು: "ಎದಿ ಬಿಗದಂಗ ಆತ್ರಿ. ಅಪ್ಪ ನನ್ನ ಕೈಬಿಟ್ರು ಅಂತ ಗೊತ್ತಾತು."

ಇಲ್ಲಿ ನಿಮ್ಮ ನಾಲಗೆ ತುರಿಸುತ್ತದೆ. "ಹಂಗೇನಿಲ್ಲ, ಅಪ್ಪಗ ನಿನ್ನ ಮ್ಯಾಲ ಜೀವ ಐತಿ" ಅನ್ನಬೇಕೆನಿಸುತ್ತದೆ. ಅಂದರೆ ಅವಳ ಪಾಲಿಗೆ ನೀವೂ ಅರ್ಥವಾಗದವರ ಸಾಲಿಗೆ ಸೇರಿದಿರಿ. "ಅನಿಸ್ತು" ಎನ್ನದೆ "ಗೊತ್ತಾತು" ಅಂದಳಲ್ಲ, ಟ್ರಿಪ್ ಆದ ಜಾಗ ಅದೇ. ಆ ಸ್ಥಿತಿಯಲ್ಲಿ ವಾದಕ್ಕೆ ಕಿವಿ ಇರುವುದಿಲ್ಲ. ಮೊದಲು ಅವಳು ನಿಂತ ಜಾಗಕ್ಕೆ ನೀವು ಹೋಗಬೇಕು: "ಅಪ್ಪ ಕೈಬಿಟ್ರು ಅಂತ ಅಷ್ಟು ಖಾತ್ರಿ ಆದ ಮ್ಯಾಲ ಆ ಮೆಟ್ಟಲ ಹತ್ತೂದ ಭಾಳ ತ್ರಾಸ ಆಗಿರಬೇಕು." ಅವಳ ಭುಜ ತುಸು ಸಡಿಲಾದ ಮೇಲಷ್ಟೇ ಮುಂದಿನ ಮಾತು: "'ಆತು' ಅನ್ನೋ ಒಂದು ಮಾತಿನ್ಯಾಗ ಅಷ್ಟೆಲ್ಲ ಹೆಂಗ ಕೇಳಿಸ್ತು ಅಂತ ನನಗ ತಿಳ್ಕೋಬೇಕಾಗೇತಿ. ಅವರ ದನಿ ಹೆಂಗಿತ್ತು?" ದನಿ ನೆನಪಿಸಿಕೊಳ್ಳುವ ಹೊತ್ತಿಗೆ ಅವಳು ಅಪ್ಪನ ಕಡೆಗೂ ಒಂದು ಕಣ್ಣು ಹಾಯಿಸಿರುತ್ತಾಳೆ. "ದಣಿದಂಗ ಇತ್ತು… ಹಿಂದ ಮಷೀನಿನ ಸಪ್ಪಳಾನೂ ಇತ್ತು." ಇಷ್ಟು ಸಾಕು. ಅಪ್ಪ ಕೈಬಿಡಲಿಲ್ಲವೆಂದು ಅವಳಿಂದ ಒಪ್ಪಿಸಿಕೊಳ್ಳುವುದು ನಿಮ್ಮ ಗುರಿಯಲ್ಲ. ಖಾತ್ರಿ ಇದ್ದಲ್ಲಿ "ಏನೋಪಾ" ಎಂಬಷ್ಟು ಸಂದು ಬಿದ್ದರೆ ಆ ದಿನದ ಕೆಲಸ ಆಯಿತು.

ಹೀಗೆ ಹೋಗುತ್ತ ಉಳಿದದ್ದು ಸಿಕ್ಕಿತು. ಎಂಟಕ್ಕೆ ಗೆಳತಿಗೆ ಮೆಸೇಜ್ ಹಾಕಿದಳು, ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಎಂಟೂವರೆಯ ಸುಮಾರಿಗೆ "ಮೈ ನಂದ ಅಲ್ಲ ಅನ್ನೋ ಹಂಗ" ಆಯಿತು. ಗಾಯ ಮಾಡಿಕೊಂಡ ಮೇಲೆ ಅಳು ಬಂತು, ನಿದ್ದೆ ಬಂತು. ಅಂದರೆ ಗಾಯ ಬಂದದ್ದು ನೋವು ಹೆಚ್ಚಾಗಿ ಅಲ್ಲ, ಏನೂ ಅನಿಸದೆ ಹೋದಾಗ, ಇದ್ದೇನೆಂದು ತಿಳಿಯಲು. ಎಲ್ಲ ಮಕ್ಕಳಲ್ಲಿ ಹೀಗೆಯೇ ಎಂದಲ್ಲ. ಕೆಲವರಿಗೆ ಸಿಟ್ಟು ಇಳಿಯಲು, ಕೆಲವರಿಗೆ ತನಗೇ ಶಿಕ್ಷೆ ಕೊಟ್ಟುಕೊಳ್ಳಲು, ಕೆಲವರಿಗೆ ಯಾರಾದರೂ ನೋಡಲಿ ಎಂದು. ಅದಕ್ಕೇ ಪುಸ್ತಕದ ಕಾರಣ ಹುಡುಕದೆ ಆ ಸಂಜೆಯನ್ನೇ ಹುಡುಕುವುದು. ಬಿಕ್ಕಟ್ಟಿನ ಯೋಜನೆಯೂ ಈಗ ಬದಲಾಗುತ್ತದೆ. ಒಂಬತ್ತು ಗಂಟೆಗೆ ಯಾವ ಉಪಾಯವೂ ನಡೆಯದು, ಅಷ್ಟು ಹೊತ್ತಿಗೆ ಯೋಚಿಸುವ ಮನಸ್ಸೇ ಅಲ್ಲಿರುವುದಿಲ್ಲ. ಹಿಡಿಯಬೇಕಾದದ್ದು ಏಳೂ ಹತ್ತಕ್ಕೆ, ತಾಟು ಬಿಟ್ಟು ಎದ್ದಾಗ. "ಊಟ ಬಿಟ್ಟು ಎದ್ದರೆ ರೆಕ್ಟರ್ ಬಾಯಿ ಹತ್ರ ಹೋಗಿ ಕೂಡೋದು" ಎಂಬ ಸಾಲು ಅವಳೇ ಸೇರಿಸಿದಳು.

ನೀವು ತಪ್ಪು ದಾರಿ ಹಿಡಿದಿದ್ದೀರಿ ಎಂಬುದು ನಿಮಗೆ ಹೇಗೆ ತಿಳಿಯಬೇಕು? ನಿಮ್ಮ ವಾಕ್ಯಗಳು ಉದ್ದವಾಗುತ್ತಿವೆ, ಅವಳವು ಗಿಡ್ಡವಾಗುತ್ತಿವೆ. ನೀವು "ಅಂದ್ರ ನಿನಗ ಅಪ್ಪನ ಮ್ಯಾಲ ಸಿಟ್ಟು ಐತಿ" ಎಂದು ಅವಳ ಮನಸ್ಸನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಂತೆ ಹೇಳುತ್ತೀರಿ, ಅವಳು ಹೂಂ ಎನ್ನುತ್ತಾಳೆ. ಇಲ್ಲವೇ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆದು ನೀವೂ ಪೊಲೀಸರ ಸಾಲಿಗೆ ಸೇರಿಬಿಡುತ್ತೀರಿ. ಆಗ ಮಾಡಬೇಕಾದದ್ದನ್ನು ಈ ಚಿಕಿತ್ಸೆ ಬಹಳ ಸೀದಾ ಹೇಳುತ್ತದೆ: ನಿಮ್ಮ ಪಾಲನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ. "ನಿನ್ನ ಕೈ ನೋಡಿ ನನಗ ಹೆದರಿಕಿ ಬಂತು, ಅದಕ್ಕ ಬಡಬಡ ಕೇಳಾಕ ಹತ್ತಿದೆ. ಆಗ ನಿನಗ ಹೆಂಗ ಅನಸ್ತು?" ದೊಡ್ಡವರೊಬ್ಬರು ತಮ್ಮ ಮನಸ್ಸಿನಲ್ಲಿ ಏನಾಯಿತೆಂದು ಹೀಗೆ ಬಿಚ್ಚಿ ಹೇಳುವುದನ್ನು ಆ ಮಕ್ಕಳು ಬಹುಶಃ ಮೊದಲ ಸಲ ಕೇಳುತ್ತಿರುತ್ತಾರೆ. ಭಾಷೆಯ ಮೇಲೂ ಕಣ್ಣಿರಲಿ. ಕ್ಲಾಸಿನ ಮರಾಠಿ, ಇಂಗ್ಲಿಷುಗಳಲ್ಲಿ ರೇಖಾ ವರದಿ ಒಪ್ಪಿಸುತ್ತಿದ್ದಳು, ಎದೆ ಬಿಗಿದದ್ದನ್ನು ಹೇಳಿದ್ದು ಮನೆಯ ಕನ್ನಡದಲ್ಲಿ. ನಿಮಗೆ ಕನ್ನಡ ಬಾರದಿದ್ದರೆ ತಂಡದಲ್ಲಿ ಬಲ್ಲವರಿಗೆ ಆ ಮಗುವನ್ನು ಒಪ್ಪಿಸಿ. ಸಂಬಂಧಿಕರನ್ನು ದುಭಾಷಿಯಾಗಿ ಕೂರಿಸಬೇಡಿ.

ತಿಂಗಳಿಗೊಮ್ಮೆ ಮನೆಯವರ ಜತೆ ಭೇಟಿ. ಇಲ್ಲಿ ಯಾರ ತಪ್ಪೆಂದು ತೀರ್ಮಾನಿಸಲು ಪಂಚಾಯ್ತಿ ಕೂಡಿಸುವುದಿಲ್ಲ. ಒಬ್ಬರ ಮನಸ್ಸನ್ನು ಇನ್ನೊಬ್ಬರು ಊಹಿಸುವ ಅಭ್ಯಾಸ ಮಾಡಿಸುತ್ತೇವೆ. ಅವ್ವ ಅಳುತ್ತಾಳೆ, "ನಾವೇನು ಕಡಿಮಿ ಮಾಡೇವಿ" ಎನ್ನುತ್ತಾಳೆ, ಅಪ್ಪ ಫ್ಯಾನ್ ನೋಡುತ್ತ ಕೂರುತ್ತಾನೆ. ಅಳು ಇಳಿಯುವವರೆಗೆ ಕಾಯಿರಿ, ಬಿಸಿ ಇದ್ದಾಗ ಇವರಿಗೂ ಊಹೆ ನಡೆಯದು. ಆಮೇಲೆ, "ರೇಖಾ, ಫೋನ್ ಇಟ್ಟ ಮ್ಯಾಲ ಅಪ್ಪ ಏನು ಮಾಡಿರಬೇಕು ಅನಸ್ತದ ನಿನಗ?" ಎಂದು ಕೇಳಿ. "ಕೆಲಸಕ್ಕ ಹೋಗಿರ್ತಾರ." ಅಪ್ಪನ ಕಡೆ ತಿರುಗಿದರೆ ಅವನು ಬಹಳ ತಡವರಿಸಿ ಹೇಳುತ್ತಾನೆ: "ಮಾತು ಬರ್ಲಿಲ್ರಿ ನನಗ. ಬೈದ್ರ ಏನರ ಮಾಡ್ಕೊಂಡಾಳು ಅಂತ ಇಟ್ಟೆ. ಮುಂದ ನಿದ್ದಿ ಬರ್ಲಿಲ್ಲ." ಸಿನೆಮಾದಲ್ಲಾದರೆ ಇಲ್ಲಿ ಅಪ್ಪ ಮಗಳು ಅಪ್ಪಿಕೊಂಡು ಎಲ್ಲ ಮುಗಿಯುತ್ತಿತ್ತು. ರೇಖಾ ನಂಬಲಿಲ್ಲ. "ಹೆದರಿಕಿ ಇದ್ರ ಮತ್ತೊಮ್ಮಿ ಫೋನ್ ಮಾಡಬೇಕಿತ್ತು" ಅಂದಳು. ಅವಳ ಮಾತಿಗೂ ತೂಕವಿದೆ. ಇಬ್ಬರಲ್ಲಿ ಯಾರು ಸರಿಯೆಂದು ನೀವು ಹೇಳಬೇಡಿ. ಒಂದು ಫೋನ್ ಕರೆಗೆ ಎರಡು ಮನಸ್ಸಿನಲ್ಲಿ ಎರಡು ಅರ್ಥವಿತ್ತು ಎಂಬುದು ಇಬ್ಬರಿಗೂ ಕೇಳಿಸಿತಲ್ಲ, ಮುಂದಿನ ತಿಂಗಳು ಅಲ್ಲಿಂದ ಹೊರಡಬಹುದು.

ಮಗುವಿನ ಮನಸ್ಸಿಗಿಂತ ಮೊದಲು ತಂಡದ ಮನಸ್ಸು ಟ್ರಿಪ್ ಆಗುವುದೂ ಉಂಟು. ಈ ಚಿಕಿತ್ಸೆಯಲ್ಲಿ ವಾರದ ಸೂಪರ್‌ವಿಜನ್ ಇಲ್ಲದೆ ಕೆಲಸ ಮಾಡಬಾರದೆಂಬ ನಿಯಮ ಇರುವುದೇ ಅದಕ್ಕೆ. ನರ್ಸ್ "ನಾಟಕ ಮಾಡ್ತಾಳ" ಎನ್ನುತ್ತಾರೆ, ಆಪ್ತಸಲಹೆಗಾರ್ತಿ "ಅವಳನ್ನು ನಾನೊಬ್ಬಳೇ ಅರ್ಥ ಮಾಡಿಕೊಂಡೇನಿ" ಎನ್ನುತ್ತಾರೆ. ಎರಡೂ ಖಾತ್ರಿಯ ಮಾತುಗಳೇ, ಎರಡರಲ್ಲೂ ಮಗುವಿನ ಮನಸ್ಸು ಕಾಣೆಯಾಗಿದೆ. ಸ್ವಂತ ನಂಬರ್ ಕೊಟ್ಟು ಮಧ್ಯರಾತ್ರಿ ಉತ್ತರಿಸುತ್ತ ಕೂತವರು ಎರಡೇ ತಿಂಗಳಲ್ಲಿ ಬೇಸತ್ತು ಕೈಬಿಡುತ್ತಾರೆ, ಹುಡುಗಿಯ ಹಳೆಯ ಭಯವನ್ನು ನಿಜ ಮಾಡುತ್ತಾರೆ. ಯಾವ ಹೊತ್ತಿಗೆ ಯಾರು ಸಿಗುತ್ತಾರೆ, ಯಾವಾಗ ಸಿಗುವುದಿಲ್ಲ ಎಂಬುದನ್ನು ಮೊದಲ ದಿನವೇ ಕಾಗದದಲ್ಲಿ ಬರೆದುಕೊಡುವುದು ಲೇಸು.

ಕಾನೂನಿನ ಎರಡು ಮಾತು ತಿಳಿದಿರಲಿ. ಜಾರಿಗೆ ಬಂದು ವರ್ಷಗಳಾದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಕೇಸಿನ ಹೆದರಿಕೆಯಿಂದ ಗಾಯವನ್ನು "ಬಿದ್ದದ್ದು" ಎಂದು ಬರೆಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಇನ್ನೊಂದು ಪೋಕ್ಸೊ. ಮಾತಿನ ನಡುವೆ ಲೈಂಗಿಕ ದೌರ್ಜನ್ಯದ ಸಂಗತಿ ಹೊರಬಿದ್ದರೆ ವರದಿ ಮಾಡುವುದು ಕಡ್ಡಾಯ. ಆದ್ದರಿಂದ ಗುಟ್ಟಿನ ಮಿತಿ ಎಲ್ಲಿಯವರೆಗೆ ಎಂಬುದನ್ನು ಮಗು ಬಾಯಿಬಿಡುವ ಮೊದಲೇ ಹೇಳಿರಬೇಕು, ಆಮೇಲೆ ಹೇಳಿದರೆ ಅದು ಮೋಸ.

ಇಷ್ಟೆಲ್ಲ ಮಾಡಿ ಫಲವೆಷ್ಟು? ಈ ಚಿಕಿತ್ಸೆಯ ಪರವಾಗಿ ಎಲ್ಲರೂ ತೋರಿಸುವ ಪ್ರಯೋಗ ರೂಸೊ ಮತ್ತು ಫೋನಗಿ 2012ರಲ್ಲಿ ಪ್ರಕಟಿಸಿದ್ದು. ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ, ಜತೆಗೆ ಖಿನ್ನತೆಯೂ ಇದ್ದ 80 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವರ್ಷವಿಡೀ ಈ ಚಿಕಿತ್ಸೆ, ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆ ಕೊಟ್ಟರು. ಹನ್ನೆರಡು ತಿಂಗಳ ಕೊನೆಗೆ ಗಾಯ ಮಾಡಿಕೊಳ್ಳುವುದನ್ನು ನಿಲ್ಲಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 44, ಎರಡನೆಯದರಲ್ಲಿ 17. ಕೇಳಲು ಚೆನ್ನಾಗಿದೆ. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ, ಒಳ್ಳೆಯ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ವರ್ಷದ ಕೊನೆಗೂ ನಿಲ್ಲಿಸಿರಲಿಲ್ಲ. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಲೂ ಇಲ್ಲ. ಡೆನ್ಮಾರ್ಕಿನಲ್ಲಿ ಬಾರ್ಡರ್‌ಲೈನ್ ಲಕ್ಷಣಗಳಿದ್ದ 112 ಮಕ್ಕಳಿಗೆ ಇದನ್ನು ಮುಖ್ಯವಾಗಿ ಗುಂಪಿನಲ್ಲಿ ಕೂರಿಸಿ ಕೊಟ್ಟಾಗ, 2020ರಲ್ಲಿ ಬಂದ ಫಲಿತಾಂಶದಲ್ಲಿ ವಾಡಿಕೆಯ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. 2021ರ ಕಾಕ್ರೇನ್ ವಿಮರ್ಶೆ ಮಕ್ಕಳ ವಿಷಯದಲ್ಲಿ ಡಿಬಿಟಿ ಎಂಬ ಬೇರೊಂದು ಚಿಕಿತ್ಸೆಯ ಕಡೆಗೇ ಹೆಚ್ಚು ವಾಲುತ್ತದೆ.

ಹಾಗಾದರೆ ಈ ಪದ್ಧತಿಯನ್ನೇಕೆ ಕಲಿಯಬೇಕು? ನನ್ನ ಅಭಿಪ್ರಾಯದಲ್ಲಿ ಒಂದೇ ಕಾರಣ. ಲಂಡನ್ನಿನಲ್ಲಿ ನಡೆದ ಆ 2012ರ ಪ್ರಯೋಗದಲ್ಲಿ ಇದನ್ನು ನಡೆಸಿದವರು ಅಲ್ಪಾವಧಿಯ ತರಬೇತಿ ಮತ್ತು ವಾರದ ಸೂಪರ್‌ವಿಜನ್ ಪಡೆದ ಸಾಮಾನ್ಯ ಸೇವೆಯ ಸಿಬ್ಬಂದಿ. ಮನಶ್ಶಾಸ್ತ್ರಜ್ಞರು ವಿರಳವಾದ ನಮ್ಮ ಕಡೆ ಸಣ್ಣ ತಂಡವೊಂದು ಕಲಿಯಬಹುದಾದದ್ದು ಇದು. ಆದರೆ ಅಳತೆ ಬಿಡಬಾರದು. ವಾರದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿ, ಮನೆಯವರನ್ನು ಬಿಟ್ಟು, ಸೂಪರ್‌ವಿಜನ್ ತೆಗೆದುಹಾಕಿದರೆ ಉಳಿಯುವುದಕ್ಕೆ ಈ ಹೆಸರು ಸಲ್ಲದು. ಜತ್ತದಿಂದ ವಾರವಾರ ಬಸ್ ಹತ್ತಿ ಬರುವುದು ಆಗದ ಮನೆಗಳಿವೆ. ಅಲ್ಲಿ ಮನೆಯವರ ಭೇಟಿಯನ್ನಾದರೂ ಫೋನಿನ ಮೇಲೆ ನಡೆಸಿ, ಇಲ್ಲವೇ ಬಂದ ದಿನ ಮಗುವಿನ ಭೇಟಿ, ಮನೆಯವರ ಭೇಟಿ ಎರಡನ್ನೂ ಮುಗಿಸಿಕೊಡಿ. ವಾರ ತಪ್ಪಿದ ಮಗುವಿಗೆ ಅದೇ ದಿನ ಫೋನ್ ಮಾಡಿ, "ಬರ್ಲಿಲ್ಲ ಯಾಕ" ಎನ್ನದೆ "ನಿನ್ನ ದಾರಿ ನೋಡಿದ್ವಿ" ಎನ್ನಿ. ಇನ್ನು ಈಗಲೇ ಸಾಯುವ ಯೋಜನೆ ಹಾಕಿಕೊಂಡ ಮಗು, ಇಲ್ಲದ ದನಿ ಕೇಳುವ ಮಗು, ಅನ್ನ ಬಿಟ್ಟು ಕೃಶವಾದ ಮಗು ಬಂದರೆ ಈ ಮಾತುಕತೆಗೆ ಕೂರಬೇಡಿ. ಮನೋವೈದ್ಯರ ಕೈಗೆ, ಅಗತ್ಯವಿದ್ದರೆ ವಾರ್ಡಿಗೆ, ಅವತ್ತೇ.

ಕೊನೆಯ ಎರಡು ತಿಂಗಳು ಬೀಳ್ಕೊಡುಗೆಗೆ ಇರಲಿ. ಹಚ್ಚಿಕೊಂಡವರು ದೂರವಾದರೆ ಟ್ರಿಪ್ ಆಗುವ ಮಗುವಿಗೆ ನೀವು ದೂರವಾಗುವುದೂ ಅದೇ ಪರೀಕ್ಷೆ. ಆ ವೇಳೆಗೆ ಗಾಯ ಮರಳಿ ಕಾಣಿಸಿಕೊಂಡರೆ ಚಿಕಿತ್ಸೆ ಸೋತಿತೆಂದು ಗಾಬರಿಯಾಗಬೇಡಿ, ಮತ್ತೆ ಆ ಒಂದು ಸಂಜೆಗೇ ಹಿಂದಿರುಗಿ ಕೇಳಿ. ನೀವು ಸಿಗದ ಹೊತ್ತಿಗೆಂದು ರೇಖಾಳಂಥವರ ಕಾಗದದ ಕೊನೆಯ ಸಾಲಿನಲ್ಲಿ ಟೆಲಿ ಮಾನಸ್ ನಂಬರ್ ಬರೆದುಕೊಡಿ: 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.